ತಿಂಗಳ ಮೂವತ್ತಾರನೇ ಚೀಲ

"ಒಂದ್ ಪಾಕೀಟ್ ಪಾವಿಗೆ ಒಂಬತ್ತ ರೂಪಾಯಿ ಸಾಮಾನ ಬೀಳತೈತ್ರಿ, ಹದಿನೆಂಟಕ್ಕ ಹೋಗತೈತಿ. ಅರ್ಧಕ್ಕರ್ಧ ಉಳೀತದಲ್ಲರಿ. ಆದ್ರೂ ತಿಂಗಳ ಕಡೀಗೆ ಕೈಯಾಗ ಏನೂ ಇರೂದಿಲ್ಲ." ಸಣ್ಣ ಬೇಕರಿ ನಡೆಸುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮಾತಿನ ಎರಡೂ ಭಾಗ ನಿಜ. ಪಾವಿನಲ್ಲಿ ಅರ್ಧ ಉಳಿಯುವುದೂ ನಿಜ, ಕೈ ಬರಿದಾಗುವುದೂ ನಿಜ. ಈ ಎರಡರ ನಡುವೆ ಒಂದು ಅಂಕಿ ಕಾಣೆಯಾಗಿದೆ. ತಿಂಗಳಿಗೆ ಎಷ್ಟು ಮಾರಿದರೆ ಖರ್ಚಿಗೆ ಖರ್ಚು ಸರಿಹೋಗುತ್ತದೆ ಎಂಬ ಅಂಕಿ ಅದು. ಕಾಮರ್ಸ್ ಓದಿದವರು ಅದನ್ನು ಬ್ರೇಕ್ ಈವನ್ ಎನ್ನುತ್ತಾರೆ, ನಾನು ಇಲ್ಲಿ ಸಮಬಿಂದು ಎನ್ನುತ್ತೇನೆ.

ಲೆಕ್ಕಕ್ಕೆ ಧಾರವಾಡ ತಾಲ್ಲೂಕಿನ ಗರಗವನ್ನೇ ಇಟ್ಟುಕೊಳ್ಳೋಣ. ಹೋಬಳಿ ಊರು, ಮಡಿವಾಳೇಶ್ವರರ ಮಠದ ಊರು, ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು. ಇಲ್ಲಿಯವರಿಗೆ ಈ ಲೆಕ್ಕದ ಬೀಜ ಮೊದಲೇ ಗೊತ್ತು. ಖಾದಿಯಲ್ಲಿ ನೂಲುವವರಿಗೆ ಲಡಿಯ ಲೆಕ್ಕದಲ್ಲಿ ಕೂಲಿ, ನೂತಷ್ಟು ದುಡ್ಡು. ಮಗ್ಗ ಇಟ್ಟ ಕಟ್ಟಡಕ್ಕೆ ಮಾತ್ರ ಒಂದು ಲಡಿ ಬಂದರೂ ಸಾವಿರ ಲಡಿ ಬಂದರೂ ಅದೇ ಖರ್ಚು. ಬೇಕರಿಯಲ್ಲಿ ತೊಡಕು ಎಲ್ಲಿದೆಯೆಂದರೆ, ಅಲ್ಲಿನ ಮುಖ್ಯ ಖರ್ಚುಗಳು ಹೀಗೆ ಎರಡು ಬಣವಾಗಿ ನಿಲ್ಲುವುದಿಲ್ಲ. ಭಟ್ಟಿಯ ಕಟ್ಟಿಗೆ, ಕರೆಂಟ್ ಬಿಲ್, ಕೆಲಸದವರ ಪಗಾರ, ಅಂಗಡಿಗಳಿಗೆ ಮಾಲು ಮುಟ್ಟಿಸುವ ಗಾಡಿ ಇವೆಲ್ಲ ಅರ್ಧ ಸ್ಥಿರ, ಅರ್ಧ ಬದಲಾಗುವ ಮಿಶ್ರ ಖರ್ಚುಗಳು. ಅವನ್ನು ಸರಿಯಾಗಿ ಬಿಡಿಸದೆ ಸಮಬಿಂದು ಹುಡುಕಿದರೆ ಸಿಗುವ ಅಂಕಿ ತಪ್ಪಾಗಿರುತ್ತದೆ. ಅದೂ ಸಾಮಾನ್ಯವಾಗಿ ನಮಗೆ ಹಿತವಾದ ದಿಕ್ಕಿನಲ್ಲೇ ತಪ್ಪಾಗಿರುತ್ತದೆ.

ಮುಂದಿನ ಅಂಕಿಗಳು ಯಾವುದೇ ಒಬ್ಬರ ಅಂಗಡಿಯವಲ್ಲ. ಇಂಥ ಊರಿನ ಸಣ್ಣ ಬೇಕರಿಯೊಂದಕ್ಕೆ ಹೊಂದುವ ಹಾಗೆ ನಾನೇ ಕಟ್ಟಿಕೊಂಡವು. ಓದುವವರು ತಮ್ಮ ಅಂಕಿ ಹಾಕಿಕೊಂಡರೆ ಲೆಕ್ಕದ ದಾರಿ ಅದೇ ಇರುತ್ತದೆ.

ನಮ್ಮ ಬೇಕರಿ ಮಾಡುವುದು ಮೂರೇ ಪದಾರ್ಥ: ಆರು ಪಾವಿನ ಪಾಕೀಟು, 400 ಗ್ರಾಂ ಬ್ರೆಡ್, ಕಾಲು ಕಿಲೊ ಖಾರಿ. ಊರಿನ ಅಂಗಡಿಗಳಿಗೆ, ತೇಗೂರ, ಹಂಗರಕಿ, ತಡಕೋಡದ ಕಡೆಗೆ ಹೋಗುವ ಮಾಲು. ಅಂಗಡಿಯವರಿಗೆ ಪಾವಿನ ಪಾಕೀಟು 18 ರೂಪಾಯಿ, ಬ್ರೆಡ್ 30, ಖಾರಿ 45. ಮೈದಾ, ಈಸ್ಟ್, ಸಕ್ಕರೆ, ಡಾಲ್ಡಾ, ಮೇಲಿನ ಕವರ್ ಎಲ್ಲ ಸೇರಿ ಸಾಮಾನಿನ ಖರ್ಚು ಪಾವಿಗೆ 9, ಬ್ರೆಡ್ಡಿಗೆ 15, ಖಾರಿಗೆ 21.

ಮೊದಲ ಪ್ರಶ್ನೆ: ಸಮಬಿಂದುವನ್ನು ಯಾವುದರಲ್ಲಿ ಅಳೆಯಬೇಕು? ಪಾವಿನಲ್ಲೋ, ಬ್ರೆಡ್ಡಿನಲ್ಲೋ? ಒಂದೇ ಪದಾರ್ಥ ಮಾಡುವವರಿಗೆ ಈ ಚಿಂತೆ ಇಲ್ಲ. ಮೂರು ಮಾಡುವವರು ಮೂರನ್ನೂ ಒಂದು ಗಂಟಿನಲ್ಲಿ ಕಟ್ಟಬೇಕು. ಬಿಲ್ ಬುಕ್ಕು ನೋಡಿದರೆ ಸುಮಾರಾಗಿ ಹತ್ತು ಪಾಕೀಟಿಗೆ ಆರು ಪಾವು, ಮೂರು ಬ್ರೆಡ್, ಒಂದು ಖಾರಿ ಹೋಗುತ್ತವೆ ಎಂದುಕೊಳ್ಳಿ. ಈ ಹತ್ತರ ಗಂಟಿಗೆ ಬೇಕಾಗುವ ಮೈದಾ ಎಷ್ಟು? ಪಾವಿನ ಪಾಕೀಟಿಗೆ 180 ಗ್ರಾಂ, ಬ್ರೆಡ್ಡಿಗೆ 260, ಖಾರಿಗೆ 140. ಕೂಡಿಸಿದರೆ ಸರಿಯಾಗಿ ಎರಡು ಕಿಲೊ. ಅಂದರೆ 50 ಕಿಲೊದ ಒಂದು ಮೈದಾ ಚೀಲದಲ್ಲಿ 25 ಗಂಟು, 250 ಪಾಕೀಟು.

ಹಾಗಾಗಿ ನಾನು ಚೀಲವನ್ನೇ ಅಳತೆ ಮಾಡಿಕೊಳ್ಳುತ್ತೇನೆ. ಪುಸ್ತಕಗಳು ಹೀಗೆ ಹೇಳುವುದಿಲ್ಲ, ಅವು ಪದಾರ್ಥಗಳ ಗಂಟಿಗೇ ನಿಲ್ಲುತ್ತವೆ. ಆದರೆ ಬೇಕರಿಯಲ್ಲಿ ಯಾರೂ ಗಂಟು ಎಣಿಸುವುದಿಲ್ಲ. ಚೀಲ ಎಷ್ಟು ಒಡೆದೆವು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ, ಖಾಲಿ ಚೀಲ ಮೂಲೆಯಲ್ಲಿ ಬಿದ್ದಿರುತ್ತದೆ. ಕೈಗೆ ಸಿಗುವ ಅಳತೆಯಲ್ಲಿ ಲೆಕ್ಕ ಇದ್ದರೆ ಮಾತ್ರ ಅದನ್ನು ತಿಂಗಳು ತಿಂಗಳೂ ಹಾಕುತ್ತೇವೆ.

ಒಂದು ಚೀಲ ಮಾರಾಟವಾದರೆ ಬರುವ ಹಣ ನೋಡಿ. ಒಂದು ಗಂಟಿಗೆ ಆರು ಪಾವಿನಿಂದ 108, ಮೂರು ಬ್ರೆಡ್ಡಿನಿಂದ 90, ಖಾರಿಯಿಂದ 45, ಒಟ್ಟು 243. ಇಪ್ಪತ್ತೈದು ಗಂಟಿಗೆ 6,075 ರೂಪಾಯಿ. ಸಾಮಾನಿನ ಖರ್ಚು ಗಂಟಿಗೆ 120, ಚೀಲಕ್ಕೆ 3,000. ಉಳಿದದ್ದು 3,075. ಬೇಕರಿಯವರು "ಅರ್ಧಕ್ಕರ್ಧ" ಎನ್ನುವುದು ಇದನ್ನೇ. ಆದರೆ ಈ 3,075 ಪೂರ್ತಿ ನಮ್ಮದಲ್ಲ. ಮಿಶ್ರ ಖರ್ಚುಗಳು ತಮ್ಮ ಬದಲಾಗುವ ಭಾಗವನ್ನು ಇದರಿಂದಲೇ ಕಿತ್ತುಕೊಳ್ಳುತ್ತವೆ.

ಅವುಗಳಲ್ಲಿ ಹೆಚ್ಚು ಮೋಸ ಮಾಡುವುದು ಭಟ್ಟಿ. ಇಟ್ಟಿಗೆಯ ಭಟ್ಟಿಗೆ ಬೆಳಗಿನ ಜಾವ ಬೆಂಕಿ ಹಾಕಿದರೆ ಮೊದಲ ಹೊರೆ ಕಟ್ಟಿಗೆ ಸುಡುವುದು ಇಟ್ಟಿಗೆ ಕಾಯಿಸಲಿಕ್ಕೆ, ಪಾವು ಬೇಯಿಸಲಿಕ್ಕಲ್ಲ. ಆ ದಿನ ಐದು ಟ್ರೇ ಬೇಯಿಸಿದರೂ ಇಪ್ಪತ್ತು ಟ್ರೇ ಬೇಯಿಸಿದರೂ ಆ ಹೊರೆ ಬೇಕೇ ಬೇಕು. ಅದರ ಮೇಲೆ ಪ್ರತಿ ಟ್ರೇಗೂ ಸ್ವಲ್ಪ ಸ್ವಲ್ಪ ಕಟ್ಟಿಗೆ ಸೇರುತ್ತದೆ. ಕರೆಂಟೂ ಹೀಗೆಯೇ. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಮೇಲೆ ಒಂದು ನಿಗದಿತ ಶುಲ್ಕ ಬೇರೆಯಾಗಿ ಅಚ್ಚಾಗಿರುತ್ತದೆ, ಬಳಸಿದ ಯೂನಿಟ್ಟಿಗೆ ಇನ್ನೊಂದು ಸಾಲು. ಆದರೆ ಬಿಲ್ಲಿನ ಆ ನಿಗದಿತ ಸಾಲನ್ನಷ್ಟೇ ಸ್ಥಿರ ಎಂದುಕೊಂಡರೂ ತಪ್ಪು. ಫ್ರಿಜ್ಜು ಮತ್ತು ದೀಪದ ಯೂನಿಟ್ಟುಗಳು ಎರಡನೇ ಸಾಲಿನಲ್ಲಿ ಕೂತಿದ್ದರೂ ಅವು ಹಿಟ್ಟು ನಾದುವ ಯಂತ್ರದ ಹಾಗೆ ಚೀಲದ ಜೊತೆ ಏರುವುದಿಲ್ಲ.

ಹಾಗಾದರೆ ಎಷ್ಟು ಸ್ಥಿರ, ಎಷ್ಟು ಬದಲಾಗುವುದು? ಒಂದು ವರ್ಷದ ಕಟ್ಟಿಗೆ ಮತ್ತು ಕರೆಂಟ್ ಖರ್ಚನ್ನು ತಿಂಗಳವಾರು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಆ ತಿಂಗಳು ಒಡೆದ ಚೀಲ ಬರೆಯಿರಿ. ತೀರಾ ಕಡಿಮೆ ಚೀಲದ ತಿಂಗಳು, ತೀರಾ ಹೆಚ್ಚು ಚೀಲದ ತಿಂಗಳು ಎರಡನ್ನು ಆರಿಸಿ. ನಮ್ಮ ಬೇಕರಿಯಲ್ಲಿ 30 ಚೀಲದ ತಿಂಗಳು 12,000 ರೂಪಾಯಿ ಆಗಿದೆ, 44 ಚೀಲದ ತಿಂಗಳು 14,800. ಚೀಲ 14 ಹೆಚ್ಚಾದಾಗ ಖರ್ಚು 2,800 ಹೆಚ್ಚಾಯಿತು. ಚೀಲಕ್ಕೆ 200. ಮೂವತ್ತು ಚೀಲಕ್ಕೆ ಈ ಲೆಕ್ಕದಲ್ಲಿ 6,000 ಆಗಬೇಕಿತ್ತು, ಆದದ್ದು 12,000. ಮಿಕ್ಕ 6,000 ಒಂದು ಚೀಲವನ್ನೂ ಒಡೆಯದಿದ್ದರೂ ಭಟ್ಟಿ ಮತ್ತು ಮೀಟರು ಕೇಳುವ ಹಣ.

ಲೆಕ್ಕ ಸುಲಭ, ಆದರೆ ಇದರಲ್ಲಿ ಒಂದು ಬಲೆ ಇದೆ. ಜಾತ್ರೆಯ ತಿಂಗಳು ನಮ್ಮ ಬೇಕರಿ 54 ಚೀಲ ಒಡೆದು 19,300 ರೂಪಾಯಿಯ ಕಟ್ಟಿಗೆ ಮತ್ತು ಕರೆಂಟ್ ಸುಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ಚೀಲದ ತಿಂಗಳು ಅದೇ ಅಲ್ಲವೇ ಎಂದು ಅದನ್ನೇ ಆರಿಸಿದರೆ ಏನಾಗುತ್ತದೆ? ಚೀಲಕ್ಕೆ 304 ರೂಪಾಯಿ ಬರುತ್ತದೆ, ಸ್ಥಿರ ಭಾಗ 2,875ಕ್ಕೆ ಇಳಿಯುತ್ತದೆ. ಅರ್ಧಕ್ಕೂ ಕಡಿಮೆ. ಕಾರಣವೇನೆಂದರೆ ಆ ತಿಂಗಳು ಭಟ್ಟಿಗೆ ಸಂಜೆ ಎರಡನೇ ಸಲ ಬೆಂಕಿ ಹಾಕಿದ್ದರು. ಅದು ಬೇರೆಯೇ ನಮೂನೆಯ ತಿಂಗಳು. ಆದ್ದರಿಂದ ಆರಿಸುವ ಎರಡೂ ತಿಂಗಳು ಒಂದೇ ರೀತಿ ನಡೆದವಾಗಿರಬೇಕು. ಸರಿಯಿದೆಯೋ ಇಲ್ಲವೋ ತಿಳಿಯಲು ನಡುವಿನ ಒಂದು ತಿಂಗಳನ್ನು ತೆಗೆದುಕೊಂಡು ಹೊಂದಿಸಿ ನೋಡಿ. 38 ಚೀಲದ ತಿಂಗಳಿಗೆ ನಮ್ಮ ಲೆಕ್ಕ 13,600 ಎನ್ನುತ್ತದೆ. ನಿಜವಾದ ಬಿಲ್ಲುಗಳು ಅದರ ಆಸುಪಾಸು ಇದ್ದರೆ ನಂಬಬಹುದು. ಎರಡು ಮೂರು ಸಾವಿರ ಆಚೀಚೆ ಇದ್ದರೆ ಆರಿಸಿದ ತಿಂಗಳು ತಪ್ಪಾಗಿದೆ, ಇಲ್ಲವೇ ಒಂದು ತಿಂಗಳ ಕಟ್ಟಿಗೆಯ ಲೋಡು ಇನ್ನೊಂದು ತಿಂಗಳಲ್ಲಿ ಬರೆದುಹೋಗಿದೆ. ಎರಡನೆಯದೇ ಹೆಚ್ಚು. ಲೋಡು ತಂದ ದಿನ ಖರ್ಚು ಬರೆಯುತ್ತೇವೆ, ಅದನ್ನು ಸುಡುವುದು ಮಾತ್ರ ಎರಡು ತಿಂಗಳು.

ಪಗಾರದ ವಿಷಯ ಇಷ್ಟು ಕಷ್ಟವಿಲ್ಲ, ಏಕೆಂದರೆ ಒಪ್ಪಂದದಲ್ಲೇ ಎರಡು ಭಾಗ ಇರುತ್ತದೆ. ಭಟ್ಟಿ ಕೆಲಸದವರಿಗೆ ತಿಂಗಳಿಗೆ 16,000, ಇಬ್ಬರು ಸಹಾಯಕರಿಗೆ ತಲಾ 9,000, ಒಟ್ಟು 34,000 ಸ್ಥಿರ. ಇದಲ್ಲದೆ ಚೀಲಕ್ಕೆ 250 ರೂಪಾಯಿಯಂತೆ ಮೂವರೂ ಹಂಚಿಕೊಳ್ಳುತ್ತಾರೆ. ಮಾಲು ಮುಟ್ಟಿಸುವ ಗಾಡಿಗೆ ವಿಮೆ ಮತ್ತು ಹುಡುಗನ ಅರೆಹೊತ್ತಿನ ಪಗಾರ ತಿಂಗಳಿಗೆ 5,000, ಪೆಟ್ರೋಲು ಮತ್ತು ಸವಕಳಿ ಚೀಲಕ್ಕೆ 125. ಪೆಟ್ರೋಲನ್ನು ಚೀಲಕ್ಕೆ ಕಟ್ಟಿದ್ದು ಅಷ್ಟು ಸರಿಯಲ್ಲ ಎಂದು ನನಗೂ ಗೊತ್ತು. ಕ್ರೇಟು ಅರ್ಧ ತುಂಬಿದ್ದರೂ ತಡಕೋಡಕ್ಕೆ ಹೋಗಿಬರುವ ದಾರಿ ಅಷ್ಟೇ. ಆದರೆ ಮಾರಾಟ ಬೆಳೆದಂತೆ ಹೊಸ ಊರು ಸೇರುವುದರಿಂದ ಈ ಅಂದಾಜು ನಡೆಯುತ್ತದೆ.

ಈಗ ಚೀಲದ ಲೆಕ್ಕ ಮುಗಿಸೋಣ. ಸಾಮಾನು ಕಳೆದು ಉಳಿದಿದ್ದ 3,075ರಲ್ಲಿ ಕಟ್ಟಿಗೆ ಮತ್ತು ಕರೆಂಟಿಗೆ 200, ಕೂಲಿಗೆ 250, ಗಾಡಿಗೆ 125 ಹೋಯಿತು. ಉಳಿದದ್ದು 2,500. ಪುಸ್ತಕದಲ್ಲಿ ಕಾಂಟ್ರಿಬ್ಯೂಷನ್ ಎನ್ನುವುದು ಇದನ್ನೇ, ನಾನು ಚೀಲದ ಉಳಿಕೆ ಎನ್ನುತ್ತೇನೆ. ಒಡೆದು ಮಾರಿದ ಪ್ರತಿ ಚೀಲವೂ 2,500 ರೂಪಾಯಿಯನ್ನು ಒಂದು ಡಬ್ಬಿಗೆ ಹಾಕುತ್ತದೆ. ತಿಂಗಳ ಸ್ಥಿರ ಖರ್ಚು ತೀರುವವರೆಗೆ ಆ ಡಬ್ಬಿ ನಮ್ಮದಲ್ಲ.

ಸ್ಥಿರ ಖರ್ಚು ಬರೆಯುವಾಗ ಬಾಡಿಗೆ 8,000 ಎಂದು ಎಲ್ಲರೂ ಮೊದಲು ಬರೆಯುತ್ತಾರೆ. ಭಟ್ಟಿ ಮತ್ತು ಮೀಟರಿನ 6,000, ಪಗಾರದ 34,000, ಗಾಡಿಯ 5,000 ಈಗಾಗಲೇ ಬಿಡಿಸಿದ್ದೇವೆ. ಸಾಲದ ಬಡ್ಡಿ 4,000, ಫೋನು, ಪರವಾನಗಿ, ರಿಪೇರಿ ಎಂದು 3,000. ಒಟ್ಟು 60,000 ಆಯಿತು. ಬಹಳಷ್ಟು ಜನ ಇಲ್ಲಿಗೇ ಗೆರೆ ಎಳೆಯುತ್ತಾರೆ. ಎರಡು ಸಾಲು ಬಿಟ್ಟುಹೋಗಿವೆ.

ಒಂದು, ಯಂತ್ರದ ಸವಕಳಿ. ಹಿಟ್ಟು ನಾದುವ ಯಂತ್ರ, ಬ್ರೆಡ್ ಕತ್ತರಿಸುವ ಯಂತ್ರ, ಟ್ರೇಗಳು ಒಂದು ದಿನ ಸವೆದು ಹೋಗುತ್ತವೆ. ಅವುಗಳ ಬೆಲೆಯನ್ನು ಅವು ಬಾಳುವ ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 5,000. ಇನ್ನೊಂದು, ಮನೆಯವರ ದುಡಿಮೆ. ನಸುಕಿನ ನಾಲ್ಕಕ್ಕೆ ಎದ್ದು ಅಂಗಡಿ ತೆಗೆಯುವ ಯಜಮಾನರು, ಮಧ್ಯಾಹ್ನವಿಡೀ ಖಾರಿ ತುಂಬಿ ಕವರು ಮುಚ್ಚುವ ಅವರ ಮನೆಯವರು, ಇಬ್ಬರ ಪಗಾರವೂ ಯಾವ ವಹಿಯಲ್ಲೂ ಇಲ್ಲ. ಇದನ್ನು ನಾನು ಬಹಳ ಹಟದಿಂದ ಬರೆಸುತ್ತೇನೆ. ಅವರಿಬ್ಬರೂ ಇದೇ ಕೆಲಸವನ್ನು ಧಾರವಾಡದ ಯಾವುದೋ ಅಂಗಡಿಯಲ್ಲಿ ಮಾಡಿದ್ದರೆ ಪಗಾರ ಸಿಗುತ್ತಿತ್ತಲ್ಲ? ಇಬ್ಬರಿಗೂ ಸೇರಿ 25,000 ಇಡೋಣ. ಮನೆಯ ಹೆಂಗಸರ ದುಡಿಮೆಗೆ ಸೊನ್ನೆ ಬರೆದು ಲಾಭ ತೋರಿಸುವ ಲೆಕ್ಕವನ್ನು ನಾನು ಲೆಕ್ಕವೆಂದು ಒಪ್ಪುವುದಿಲ್ಲ. ಹೀಗೆ 90,000.

ಭಾಗಿಸುವುದು ಈಗ ಒಂದು ಗೆರೆಯ ಕೆಲಸ. 90,000ವನ್ನು 2,500ರಿಂದ ಭಾಗಿಸಿದರೆ 36. ತಿಂಗಳಿಗೆ 36 ಚೀಲ ನಮ್ಮ ಸಮಬಿಂದು. ಪಾಕೀಟಿನಲ್ಲಿ ಹೇಳಬೇಕೆಂದರೆ 9,000: ಪಾವು 5,400, ಬ್ರೆಡ್ 2,700, ಖಾರಿ 900. ದಿನಕ್ಕೆ ಇಳಿಸಿದರೆ 180 ಪಾವಿನ ಪಾಕೀಟು, 90 ಬ್ರೆಡ್, 30 ಖಾರಿ, ಹಿಟ್ಟು 60 ಕಿಲೊ. ರೂಪಾಯಿಯಲ್ಲಿ ತಿಂಗಳಿಗೆ 2,18,700ರ ವ್ಯಾಪಾರ.

ಬ್ಯಾಂಕಿನ ಕಂತಿನ ಬಗ್ಗೆ ಒಂದು ಮಾತು. ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಖರ್ಚಲ್ಲ. ಆದರೆ ಅಸಲನ್ನೂ ಇದೇ ಗಲ್ಲೆಯಿಂದ ಕಟ್ಟಬೇಕು. ಕಂತು 12,000 ಇದ್ದು ಅದರಲ್ಲಿ ಬಡ್ಡಿ 4,000 ಎಂದರೆ ಅಸಲು 8,000. ಸವಕಳಿಯ 5,000 ಕೈಯಿಂದ ಹೋಗುವ ಹಣವಲ್ಲವಾದ್ದರಿಂದ ಅದನ್ನು ತೆಗೆದು ಅಸಲಿನ 8,000 ಸೇರಿಸಿದರೆ 93,000. ಲಾಭನಷ್ಟಕ್ಕೆ 36 ಚೀಲ ಸಾಕಾದರೂ ಕಂತು ತಪ್ಪದಿರಲು 37 ದಾಟಬೇಕು. ಹೊಸ ಓವನ್ನಿಗೆ ಸಾಲ ತೆಗೆಯುವವರು ಎರಡನೇ ಅಂಕಿಯನ್ನು ಮೊದಲು ನೋಡಲಿ.

ನಮ್ಮ ಬೇಕರಿ ಈಗ ಸರಾಸರಿ 42 ಚೀಲ ಮಾರುತ್ತಿದೆ. ಸಮಬಿಂದುವಿಗಿಂತ 6 ಚೀಲ ಹೆಚ್ಚು. ಆರನ್ನು 42ರಿಂದ ಭಾಗಿಸಿದರೆ ನೂರಕ್ಕೆ 14 ಚಿಲ್ಲರೆ. ಇದೇ ಮಾರ್ಜಿನ್ ಆಫ್ ಸೇಫ್ಟಿ, ಸುರಕ್ಷತೆಯ ಅಂತರ. ಮಾರಾಟ ಏಳರಲ್ಲಿ ಒಂದು ಭಾಗ ಬಿದ್ದರೆ ಲಾಭ ಸೊನ್ನೆಗೆ ಬರುತ್ತದೆ ಎಂದು ಅರ್ಥ. ತಿಂಗಳ ಲಾಭವೂ ಅದೇ ಆರು ಚೀಲದ ಉಳಿಕೆ, 15,000 ರೂಪಾಯಿ. ದಿನಕ್ಕೆ 1.4 ಚೀಲದ ಲೆಕ್ಕದಲ್ಲಿ 36ನೇ ಚೀಲ ಮುಗಿಯುವುದು 26ನೇ ತಾರೀಖಿಗೆ. ಅಲ್ಲಿಯವರೆಗಿನ ದುಡಿಮೆ ಬಾಡಿಗೆ, ಪಗಾರ, ಭಟ್ಟಿ ಮತ್ತು ಬಡ್ಡಿಗೆ. ಲಾಭ ಎನ್ನುವುದು ಕೊನೆಯ ನಾಲ್ಕು ದಿನಗಳ ಮಾತು. ಮಳೆಗಾಲದಲ್ಲಿ ರಸ್ತೆ ಹದಗೆಟ್ಟು ನಾಲ್ಕು ದಿನ ಗಾಡಿ ಹೊರಡದಿದ್ದರೆ ಹೋಗುವುದು ಆ ತಿಂಗಳ ಲಾಭ ಹೆಚ್ಚುಕಡಿಮೆ ಪೂರ್ತಿ.

ಮಿಶ್ರ ಖರ್ಚನ್ನು ಬಿಡಿಸದೆ ಇದೇ ಲೆಕ್ಕ ಹಾಕಿದ್ದರೆ ಏನು ಬರುತ್ತಿತ್ತು? ರೂಢಿಯ ದಾರಿ ಸರಾಸರಿಯದು. ಪಗಾರ, ಕಟ್ಟಿಗೆ, ಕರೆಂಟು ಮತ್ತು ಗಾಡಿಯ ಒಟ್ಟು ಖರ್ಚನ್ನು ಆ ತಿಂಗಳ ಚೀಲಗಳಿಂದ ಭಾಗಿಸಿ, ಚೀಲಕ್ಕೆ ಇಷ್ಟು ಬೀಳುತ್ತದೆ ಎನ್ನುವುದು. ನಮ್ಮ ಬೇಕರಿಯಲ್ಲಿ ಇವೆಲ್ಲದರ ಸ್ಥಿರ ಭಾಗ 45,000. ಅದನ್ನು 42 ಚೀಲಕ್ಕೆ ಹಂಚಿದರೆ ಚೀಲಕ್ಕೆ 1,071. ಆಗ ಚೀಲದ ಉಳಿಕೆ 2,500 ಹೋಗಿ 1,429 ಆಗುತ್ತದೆ. ಸ್ಥಿರ ಖರ್ಚೂ 90,000 ಹೋಗಿ 45,000 ಉಳಿಯುತ್ತದೆ. ಭಾಗಿಸಿದರೆ ಸಮಬಿಂದು 31.5 ಚೀಲ, ಸುರಕ್ಷತೆಯ ಅಂತರ ನೂರಕ್ಕೆ 25. ಹಾಳೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ, 42 ಚೀಲದ ತಿಂಗಳಿಗೆ ಲಾಭವೂ ಅದೇ 15,000 ತೋರಿಸುತ್ತದೆ. ತಪ್ಪು ಗೊತ್ತಾಗುವುದು ಮಾರಾಟ ಇಳಿದ ತಿಂಗಳಲ್ಲಿ. 32 ಚೀಲ ಹೋದ ತಿಂಗಳು ಈ ಲೆಕ್ಕ ಸುಮಾರು 700 ರೂಪಾಯಿ ಲಾಭ ಹೇಳುತ್ತದೆ. ನಿಜಕ್ಕೂ ಆ ತಿಂಗಳು 32 ಚೀಲದಿಂದ ಬಂದದ್ದು 80,000, ಹೋದದ್ದು 90,000. ಹತ್ತು ಸಾವಿರ ನಷ್ಟ. ಚೀಲ ಕಡಿಮೆಯಾಯಿತೆಂದು ಭಟ್ಟಿ ಕೆಲಸದವರ ಹದಿನಾರು ಸಾವಿರ ಕಡಿಮೆಯಾಗಲಿಲ್ಲ, ಇಟ್ಟಿಗೆ ಕಾಯಲು ಬೇಕಾದ ಕಟ್ಟಿಗೆಯೂ ಕಡಿಮೆಯಾಗಲಿಲ್ಲ. ಲೆಕ್ಕ ಮಾತ್ರ ಅವೆಲ್ಲ ಇಳಿದವು ಎಂದುಕೊಂಡಿತ್ತು. ನಿಮ್ಮ ಲೆಕ್ಕ ಒಳ್ಳೆಯ ತಿಂಗಳಲ್ಲಿ ಸರಿಬಂದು ಕೆಟ್ಟ ತಿಂಗಳಲ್ಲಿ ಪ್ರತಿಸಲ ಗಲ್ಲೆಗಿಂತ ಹೆಚ್ಚು ಹೇಳುತ್ತಿದ್ದರೆ ಕಾರಣ ಇದೇ ಇರುತ್ತದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿ, ಬೇಕರಿಗಳಿಗೆ ನೋಟಿಸು ಕಳಿಸಿದಾಗ ಎಲ್ಲರೂ ವರ್ಷದ ವ್ಯಾಪಾರ 40 ಲಕ್ಷ ದಾಟಿತೋ ಎಂದು ಕೂಡಿಸತೊಡಗಿದ್ದರು. ನಮ್ಮ ಬೇಕರಿಯದು 30 ಲಕ್ಷದ ಆಸುಪಾಸು. ಫೋನಿನಲ್ಲಿ ಆ ಅಂಕಿ ಒಂದೇ ನಿಮಿಷಕ್ಕೆ ಸಿಗುತ್ತದೆ. ಆದರೆ ಅಷ್ಟು ವ್ಯಾಪಾರದಲ್ಲಿ ವರ್ಷದ ಲಾಭ 1,80,000 ಎಂಬುದು ಫೋನಿನಲ್ಲಿ ಇಲ್ಲ, ಅದು ಚೀಲದ ಹಾಳೆಯಲ್ಲೇ ಸಿಗಬೇಕು.

ಆ ಆರು ಚೀಲದ ಅಂತರವನ್ನು ತಿನ್ನುವುದು ಮಾರಾಟದ ಇಳಿತ ಒಂದೇ ಅಲ್ಲ. ಚೀಲ ಅಷ್ಟೇ ಇದ್ದು ಗಂಟಿನೊಳಗಿನ ಪಾಲು ಬದಲಾದರೂ ಸಾಕು. ಖಾರಿಯನ್ನು ನೋಡಿ. ಒಂದು ಪಾಕೀಟಿನಲ್ಲಿ ಸಾಮಾನು ಕಳೆದು 24 ರೂಪಾಯಿ ಉಳಿಯುತ್ತದೆ, ತಿನ್ನುವ ಮೈದಾ ಬರೀ 140 ಗ್ರಾಂ. ಕಿಲೊ ಮೈದಾಕ್ಕೆ ಲೆಕ್ಕ ಹಾಕಿದರೆ ಖಾರಿ 171 ರೂಪಾಯಿ ಕೊಡುತ್ತದೆ, ಬ್ರೆಡ್ 58, ಪಾವು 50. ಪದರು ಪದರಾಗಿ ಲಟ್ಟಿಸಬೇಕು, ಭಟ್ಟಿ ಆರುತ್ತಾ ಬಂದಾಗ ನಿಧಾನಕ್ಕೆ ಒಣಗಬೇಕು, ಅಷ್ಟು ಕೆಲಸಕ್ಕೆ ಸಿಗುವ ಹಣ ಅದು. ಊರಿಗೆ ಹೊರಗಿನ ಕಂಪನಿಯ ಖಾರಿ ಅಗ್ಗಕ್ಕೆ ಬಂತು, ನಮ್ಮ ಖಾರಿ ನಿಂತಿತು, ಆ ಹಿಟ್ಟಿನಲ್ಲಿ ಪಾವು ಬ್ರೆಡ್ ಅದೇ ಆರಕ್ಕೆ ಮೂರರ ಪಾಲಿನಲ್ಲಿ ಹೆಚ್ಚು ಮಾಡಿ ಮಾರಿದೆವು ಎಂದುಕೊಳ್ಳಿ. ಚೀಲ 42ಕ್ಕೆ 42. ಯಜಮಾನರಿಗೆ ಏನೂ ಬದಲಾದಂತೆ ಕಾಣುವುದಿಲ್ಲ, ಪಾಕೀಟಿನ ಸಂಖ್ಯೆ ತುಸು ಇಳಿದಿರುತ್ತದೆ ಅಷ್ಟೆ. ಆದರೆ ಚೀಲದ ಉಳಿಕೆ 2,500ರಿಂದ ಸುಮಾರು 2,086ಕ್ಕೆ ಬಂದಿದೆ. ಸಮಬಿಂದು 36 ಬಿಟ್ಟು 43ಕ್ಕೆ ಏರಿದೆ. ಹದಿನೈದು ಸಾವಿರ ಲಾಭವಿದ್ದ ತಿಂಗಳು ಸುಮಾರು 2,400 ನಷ್ಟದ ತಿಂಗಳಾಗಿದೆ. ಹತ್ತು ಪಾಕೀಟಿನಲ್ಲಿ ಒಂದೇ ಒಂದು ಇದ್ದ ಪದಾರ್ಥ ಅದು.

ಅಂಗಡಿಯವರು ಹಿಂದಿರುಗಿಸುವ ಹಳಸಿದ ಮಾಲೂ ಹೀಗೆಯೇ ತಿನ್ನುತ್ತದೆ. ವಾಪಸು ಬಂದ ಪಾವಿಗೆ ಹಿಟ್ಟು, ಕಟ್ಟಿಗೆ, ಕೂಲಿ, ಪೆಟ್ರೋಲು ಎಲ್ಲ ಖರ್ಚಾಗಿದೆ, ಬಂದ ಹಣ ಮಾತ್ರ ಸೊನ್ನೆ. ನೂರಕ್ಕೆ ನಾಲ್ಕು ವಾಪಸು ಬಂದರೆ ಚೀಲಕ್ಕೆ 243 ರೂಪಾಯಿ ಹೋಗಿ ಸಮಬಿಂದು 40 ಚೀಲದ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಬ್ರೆಡ್ಡಿಗೆ ಬೂಸ್ಟು ಬೇಗ ಹಿಡಿಯುವುದರಿಂದ ನಾಲ್ಕು ಎನ್ನುವುದು ದೊಡ್ಡ ಅಂಕಿಯಲ್ಲ. ಚೀಲ ಎಣಿಸುವಾಗ ಒಡೆದ ಚೀಲವಲ್ಲ, ಮಾರಿದ ಚೀಲ ಎಣಿಸಬೇಕು.

ಇನ್ನು ಬೆಳೆಯುವ ವಿಚಾರ. ಒಂದು ಸಲ ಕಾದ ಭಟ್ಟಿಯಲ್ಲಿ ದಿನಕ್ಕೆ ಒಂದೂವರೆ ಚೀಲ, ತಿಂಗಳಿಗೆ 45 ಚೀಲ ಬೇಯುತ್ತದೆ. ಅಲ್ಲಿಯವರೆಗೆ ಸ್ಥಿರ ಖರ್ಚು 90,000ದಲ್ಲೇ ನಿಲ್ಲುತ್ತದೆ. 46ನೇ ಚೀಲಕ್ಕೆ ಸಂಜೆ ಇನ್ನೊಮ್ಮೆ ಬೆಂಕಿ ಹಾಕಬೇಕು, ಇನ್ನೊಬ್ಬ ಸಹಾಯಕ ಬೇಕು. ಕಟ್ಟಿಗೆಗೆ 2,500, ಹುಡುಗನಿಗೆ 10,000. ಸ್ಥಿರ ಖರ್ಚು ಮೆಟ್ಟಿಲೊಂದನ್ನು ಹತ್ತಿ 1,02,500ಕ್ಕೆ ನಿಂತಿತು. ಸಮಬಿಂದು 41 ಚೀಲ. 45 ಚೀಲದಲ್ಲಿ 22,500 ಇದ್ದ ಲಾಭ 46ರಲ್ಲಿ 12,500 ಆಗುತ್ತದೆ. ಮೊದಲಿನ ಲಾಭಕ್ಕೆ ಮರಳಲು 50 ಚೀಲ ಬೇಕು. ಅಂತರವನ್ನೂ ನೋಡಿ: 45 ಚೀಲದಲ್ಲಿ ನೂರಕ್ಕೆ 20 ಇದ್ದದ್ದು 46ರಲ್ಲಿ 11ಕ್ಕೆ ಕುಸಿಯುತ್ತದೆ. 46ರಿಂದ 49ರವರೆಗಿನ ನಾಲ್ಕು ಚೀಲಗಳಲ್ಲಿ ವ್ಯಾಪಾರ ಹೆಚ್ಚು, ದಣಿವು ಹೆಚ್ಚು, ಲಾಭ ಕಡಿಮೆ. ಹೊಸ ಊರಿನ ಅಂಗಡಿಯವರು ದಿನಾ ಮಾಲು ಕೊಡಿ ಎಂದು ಕೇಳಿದಾಗ ಅವರು ಎಷ್ಟು ಚೀಲದ ಮಾಲು ಎತ್ತುತ್ತಾರೆ ಎಂದು ಮೊದಲು ಕೇಳಬೇಕಾದ್ದು ಇದಕ್ಕೇ. ತಿಂಗಳಿಗೆ ಎರಡು ಮೂರು ಚೀಲದ ಗಿರಾಕಿಗಾಗಿ ಸಂಜೆಯ ಭಟ್ಟಿ ಹಚ್ಚುವುದಕ್ಕಿಂತ ಅದೇ 45 ಚೀಲದೊಳಗೆ ಪಾವಿನ ಹಿಟ್ಟನ್ನು ಸ್ವಲ್ಪ ಖಾರಿಗೆ ತಿರುಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಖಾರಿ ಮಾರಾಟವಾಗುವ ಊರಾದರೆ.

ಇಷ್ಟನ್ನೂ ನಡೆಸಲು ದೊಡ್ಡ ವಹಿ ಬೇಡ. ಭಟ್ಟಿಯ ಪಕ್ಕದ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಪ್ರತಿದಿನ ವಾಪಸು ಕಳೆದು ಎಷ್ಟು ಚೀಲದ ಮಾಲು ಹೋಯಿತೆಂದು ಆ ತಾರೀಖಿನ ಮನೆಯೊಳಗೆ ಬರೆಯಿರಿ, ಹಿಂದಿನದಕ್ಕೆ ಕೂಡಿಸುತ್ತಾ ಹೋಗಿ. ಮೊತ್ತ 36 ಮುಟ್ಟಿದ ದಿನಕ್ಕೆ ಕೆಂಪು ಸುತ್ತು ಹಾಕಿ. ಆ ಸುತ್ತು 26ರಲ್ಲಿದ್ದದ್ದು ಮುಂದಿನ ತಿಂಗಳು 28ಕ್ಕೆ ಸರಿದರೆ ಮಾರಾಟ ಕುಗ್ಗಿದೆ. ಸುತ್ತು ಅಲ್ಲೇ ಇದ್ದು ಗಲ್ಲೆಯ ದುಡ್ಡು ಕಡಿಮೆಯಾಗಿದ್ದರೆ ಖಾರಿಯ ಪಾಲು ಇಳಿದಿದೆ, ಇಲ್ಲವೇ ಮೈದಾ, ಡಾಲ್ಡಾದ ದರ ಏರಿದೆ. ಆಗ ಚೀಲದ ಉಳಿಕೆಯನ್ನು ಮತ್ತೆ ಲೆಕ್ಕ ಹಾಕಿ 36ರ ಜಾಗದಲ್ಲಿ ಹೊಸ ಅಂಕಿ ಬರೆದುಕೊಳ್ಳಬೇಕು. ಜಾತ್ರೆಯ ತಿಂಗಳು ಸಂಜೆಯ ಭಟ್ಟಿ ಹಚ್ಚುವುದಾದರೆ ಒಂದನೇ ತಾರೀಖಿಗೇ ಆ ಅಂಕಿಯನ್ನು 41 ಮಾಡಿಡಿ.